ನಿಮ್ಮದೇ ಪೌಚು, ನಿಮಗಿಂತ ಕಡಿಮೆ ದರಕ್ಕೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೊಬೈಲ್ ಪೌಚು, ಚಾರ್ಜರು, ಕೇಬಲ್ಲು ಮಾರುವ ಅಂಗಡಿಯವರು ತಯಾರಕರಿಗೆ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡಿದರೆಂದರೆ ವಿಷಯ ಹೆಚ್ಚಾಗಿ ಇದೇ ಆಗಿರುತ್ತದೆ: “ಸಾರ್, ಗಿರಾಕಿ ಬಂದು ಫೋನ್ ತೋರಿಸ್ತಾರೆ. ನಾನು ಮುನ್ನೂರ ಐವತ್ತು ಅಂತೀನಿ, ಅಲ್ಲಿ ಇನ್ನೂರ ನಲವತ್ತೊಂಬತ್ತು ಇದೆ. ನೀವೇ ಹಾಕಿದ್ದೀರಾ? ಹಂಗಿದ್ರೆ ನಮಗ್ಯಾಕೆ ಮಾಲು ಕೊಡ್ತೀರಿ?”

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿರುವುದೇ ಬಹಳಷ್ಟು ಸಣ್ಣ ಬ್ರ್ಯಾಂಡ್‌ಗಳ ತೊಂದರೆ. ಅವರು ತಮ್ಮ ವೆಬ್‌ಸೈಟಿನಲ್ಲಿ ಮಾರುತ್ತಾರೆ, ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಮಾರುತ್ತಾರೆ, ಡಿಸ್ಟ್ರಿಬ್ಯೂಟರ್ ಮೂಲಕ ಅಂಗಡಿಗಳಿಗೂ ಕೊಡುತ್ತಾರೆ. ಒಂದೇ ಪೌಚು ನಾಲ್ಕು ಕಡೆ ನಾಲ್ಕು ದರಕ್ಕೆ ಕಾಣಿಸಿಕೊಂಡಾಗ ತಕ್ಷಣ ಹೊಳೆಯುವ ಉಪಾಯ ಎಂದರೆ ಎಲ್ಲ ಕಡೆಯೂ ದರವನ್ನು ಕೆಳಗಿನದಕ್ಕೆ ಹೊಂದಿಸುವುದು. ಹೀಗೆ ಮಾಡಿದವರು ಮೂರು ತಿಂಗಳಲ್ಲಿ ಅಂಗಡಿಗಳನ್ನೂ ಲಾಭವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ದರಕ್ಕೆ ಕೈ ಹಾಕುವ ಮೊದಲು ಅಗ್ಗದ ಮಾಲು ಎಲ್ಲಿಂದ ಬಂತೆಂದು ಹುಡುಕಬೇಕು. ಬಹಳ ಸಲ ಅದು ನಿಮ್ಮ ಗೋದಾಮಿನಿಂದಲೇ, ನಿಮ್ಮದೇ ಸ್ಕೀಮಿನ ಮೂಲಕ ಹೊರಬಿದ್ದ ಮಾಲಾಗಿರುತ್ತದೆ.

ಕೈಯಲ್ಲಿ ಉಳಿಯುವುದೆಷ್ಟು

ಲೆಕ್ಕಕ್ಕಾಗಿ ಪೀಣ್ಯದಲ್ಲಿ ಒಂದು ಘಟಕವಿದೆ ಎಂದುಕೊಳ್ಳೋಣ. ಅದು ತಯಾರಿಸುವ ಪೌಚಿನ ಎಂಆರ್‌ಪಿ 599 ರೂಪಾಯಿ, ಮಾರುವ ದರ ಎಲ್ಲ ಕಡೆಯೂ 349. ತಯಾರಿಕೆ ಮತ್ತು ಪ್ಯಾಕಿಂಗ್ ಸೇರಿ ಒಂದಕ್ಕೆ 85 ರೂಪಾಯಿ ಖರ್ಚು. ಮುಂದೆ ಬರುವ ಕಮಿಷನ್ನು, ಕೊರಿಯರ್ ದರಗಳು ಉದಾಹರಣೆಗೆ ಇಟ್ಟುಕೊಂಡವು; ನಿಮ್ಮ ಬಿಲ್ಲುಗಳಲ್ಲಿರುವ ಅಂಕಿಗಳನ್ನು ಅಲ್ಲಿ ಕೂರಿಸಿಕೊಳ್ಳಿ.

349ರಲ್ಲಿ ಶೇ 18ರ ಜಿಎಸ್‌ಟಿ ತೆಗೆದರೆ ಉಳಿಯುವುದು 296. ಮಾರ್ಕೆಟ್‌ಪ್ಲೇಸ್ ಕಮಿಷನ್ 45, ನಿಗದಿತ ಶುಲ್ಕ 15, ಸಾಗಣೆ 55, ಅಲ್ಲಿನ ಜಾಹೀರಾತಿಗೆ ಆರ್ಡರಿಗೆ 25, ವಾಪಸ್ ಬರುವ ಮಾಲಿನ ನಷ್ಟಕ್ಕೆ 12. ಎಲ್ಲ ಕಳೆದು, ಪೌಚಿನ ಖರ್ಚೂ ತೆಗೆದರೆ ಕೈಯಲ್ಲಿ 59 ರೂಪಾಯಿ. ಮಾರ್ಕೆಟ್‌ಪ್ಲೇಸ್ ಹಿಡಿದುಕೊಳ್ಳುವ ಶೇ 0.5ರ ಜಿಎಸ್‌ಟಿ ಟಿಸಿಎಸ್ ಮತ್ತು ಶೇ 0.1ರ ಆದಾಯ ತೆರಿಗೆ ಟಿಡಿಎಸ್ಸನ್ನು ಕೆಲವರು ಖರ್ಚಿಗೆ ಸೇರಿಸಿಬಿಡುತ್ತಾರೆ. ಅವು ನಿಮ್ಮ ತೆರಿಗೆ ಖಾತೆಗೆ ಜಮೆಯಾಗುವ ಹಣ, ಖರ್ಚಲ್ಲ.

ಈಗ ಸ್ವಂತ ಸೈಟು. ಕಮಿಷನ್ ಇಲ್ಲ, ಆದ್ದರಿಂದ ಲಾಭ ಹೆಚ್ಚು ಎಂದು ಎಲ್ಲರೂ ನಂಬಿರುತ್ತಾರೆ. ಪೇಮೆಂಟ್ ಗೇಟ್‌ವೇಗೆ ಶೇ 2ರಂತೆ 7 ರೂಪಾಯಿ, ಕೊರಿಯರ್ 55, ಸೈಟಿನ ಸಾಫ್ಟ್‌ವೇರಿಗೆ ಆರ್ಡರಿಗೆ 8. ಇಷ್ಟರವರೆಗೆ ಸುಖ. ಆದರೆ ಗಿರಾಕಿಯನ್ನು ಸೈಟಿಗೆ ಕರೆತರಲು ಇನ್‌ಸ್ಟಾಗ್ರಾಂ ಜಾಹೀರಾತಿಗೆ ಆರ್ಡರಿಗೆ 90 ಹೋಗುತ್ತದೆ. ಕ್ಯಾಶ್ ಆನ್ ಡೆಲಿವರಿ ಕೇಳಿ, ಬಾಗಿಲಲ್ಲಿ ಬೇಡವೆಂದು ವಾಪಸ್ ಕಳಿಸಿದವರ ಎರಡು ಕಡೆಯ ಕೊರಿಯರ್ ಖರ್ಚನ್ನು ಮಾಲು ಪಡೆದವರ ಮೇಲೆ ಹಂಚಿದರೆ ಆರ್ಡರಿಗೆ 25. ಕೊನೆಗೆ ಉಳಿಯುವುದು 26 ರೂಪಾಯಿ, ಮಾರ್ಕೆಟ್‌ಪ್ಲೇಸಿಗಿಂತ ಅರ್ಧಕ್ಕೂ ಕಡಿಮೆ.

ಡಿಸ್ಟ್ರಿಬ್ಯೂಟರಿಗೆ ಜಿಎಸ್‌ಟಿ ಬಿಟ್ಟು 170ಕ್ಕೆ ಕೊಡುತ್ತೀರಿ. ಸಾಗಣೆ 5, ಅರವತ್ತು ದಿನದ ಉದ್ದರಿ ಮತ್ತು ಸೇಲ್ಸ್‌ಮನ್ ಖರ್ಚು 10, ಉಳಿಯುವುದು 70. ಹಳೆಯ ದಾರಿ ಎಂದು ನಾವು ಕಡೆಗಣಿಸುವ ಅಂಗಡಿಯೇ ಇಲ್ಲಿ ಹೆಚ್ಚು ಕೊಡುತ್ತಿದೆ. ಈ ಮೂರು ಅಂಕಿ ಗೊತ್ತಿಲ್ಲದೆ ಯಾರ ಪರವಾಗಿಯೂ ತೀರ್ಮಾನ ತೆಗೆದುಕೊಳ್ಳಬೇಡಿ.

ಅಂಗಡಿಯವರ ಕಡೆಯಿಂದಲೂ ಒಮ್ಮೆ ನೋಡಿ. ಡಿಸ್ಟ್ರಿಬ್ಯೂಟರ್ 20 ರೂಪಾಯಿ ಇಟ್ಟುಕೊಂಡು 190ಕ್ಕೆ ಕೊಡುತ್ತಾರೆ. 349ಕ್ಕೆ ಮಾರಿದರೆ ಅಂಗಡಿಗೆ 106 ಸಿಗುತ್ತದೆ. ಆನ್‌ಲೈನ್ ದರ 249 ಎಂದು ಗಿರಾಕಿ ಹಟ ಹಿಡಿದು ಅದೇ ದರಕ್ಕೆ ಕೊಡಬೇಕಾಗಿ ಬಂದರೆ ಸಿಗುವುದು 21. ಬಾಡಿಗೆ, ಹುಡುಗನ ಸಂಬಳ ಎಲ್ಲ ಅದರಲ್ಲೇ ಆಗಬೇಕು. ಅವರ ಸಿಟ್ಟಿಗೆ ನ್ಯಾಯವಿದೆ.

ಅಗ್ಗದ ಮಾಲಿನ ಜಾಡು

ಆ 249ರ ದರ ಹಾಕಿದವರು ಯಾರು? ಮೊದಲು ಪ್ರಾಡಕ್ಟ್ ಪುಟದಲ್ಲಿ ಸೆಲ್ಲರ್ ಹೆಸರು ನೋಡಿ. ಮಾರಾಟಗಾರನ ಹೆಸರು, ವಿಳಾಸ ತೋರಿಸಲೇಬೇಕೆಂದು 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಹೆಸರು ಗೊತ್ತಿಲ್ಲದ್ದಾದರೆ ಎರಡು ಪೌಚು ಆರ್ಡರ್ ಮಾಡಿ. ಪಾರ್ಸೆಲ್ ಬಿಚ್ಚುವುದನ್ನು ನಡುವೆ ಎಲ್ಲೂ ನಿಲ್ಲಿಸದೆ ವಿಡಿಯೊ ಮಾಡಿಟ್ಟುಕೊಳ್ಳಿ, ಮುಂದೆ ದೂರು ಕೊಡಬೇಕಾದರೆ ಬೇಕಾಗುತ್ತದೆ. ಜೊತೆಗೆ ಬರುವ ಇನ್‌ವಾಯ್ಸ್ ಇನ್ನೂ ಮುಖ್ಯ. ಅದರಲ್ಲಿ ಹದಿನೈದು ಅಕ್ಷರದ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕವಾದರೆ 29. ನಂತರದ ಹತ್ತು ಅಕ್ಷರ ಆ ವ್ಯಾಪಾರಿಯ ಪ್ಯಾನ್. ಈ ಹತ್ತನ್ನು ನಿಮ್ಮ ಡಿಸ್ಟ್ರಿಬ್ಯೂಟರುಗಳ ಜಿಎಸ್‌ಟಿ ಸಂಖ್ಯೆಗಳ ಜೊತೆ ಹೋಲಿಸಿ. ಹೊರಗೆ ಬೇರೆ ಹೆಸರು, ಬೇರೆ ರಾಜ್ಯದ ನೋಂದಣಿ ಇದ್ದರೂ ಪ್ಯಾನ್ ಒಂದೇ ಆಗಿದ್ದರೆ ಅದು ನಿಮ್ಮ ಪಾರ್ಟಿಯೇ.

ಪ್ಯಾನ್ ಹೊಂದದಿದ್ದರೆ ಮಾಲೇ ಮಾತಾಡಬೇಕು. ಅದಕ್ಕಾಗಿ ಪ್ರತಿ ಪ್ಯಾಕಿನ ಮೇಲೂ ಯಾವ ದಾರಿಯಲ್ಲಿ ಹೋಯಿತೆಂಬ ಗುರುತು ಬೇಕು. ತಯಾರಾದ ತಿಂಗಳು, ವರ್ಷವನ್ನು ಲೀಗಲ್ ಮೆಟ್ರಾಲಜಿ ನಿಯಮದ ಪ್ರಕಾರ ಹೇಗಿದ್ದರೂ ಅಚ್ಚು ಹಾಕುತ್ತೀರಿ. ಅದರ ಪಕ್ಕದಲ್ಲೇ ಒಂದು ಸಣ್ಣ ಸಂಕೇತ ಸೇರಿಸಿ:

```
D2-0725-14
```

D ಎಂದರೆ ಡಿಸ್ಟ್ರಿಬ್ಯೂಟರ್, 2 ಅವರ ಸಂಖ್ಯೆ, 0725 ತಿಂಗಳು ಮತ್ತು ವರ್ಷ, 14 ಲಾಟು. ಸ್ವಂತ ಸೈಟಿನದಕ್ಕೆ W, ಮಾರ್ಕೆಟ್‌ಪ್ಲೇಸಿನದಕ್ಕೆ M. ಇದನ್ನು ತಯಾರಿಕೆಯ ಸಾಲಿನಲ್ಲಿ ಹಾಕಿದರೆ ಪ್ರಯೋಜನವಿಲ್ಲ, ಮಾಲು ಯಾರಿಗೆ ಹೋಗುತ್ತದೆಂದು ಆಗ ಗೊತ್ತಿರುವುದಿಲ್ಲ. ಆರ್ಡರ್ ಬಂದ ಮೇಲೆ, ಮಾಸ್ಟರ್ ಕಾರ್ಟನ್ ಮುಚ್ಚುವ ಮೊದಲು ಹಾಕಬೇಕು. ಹೊರಗಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆಯುವವರಿದ್ದಾರೆ. ಆದ್ದರಿಂದ ಪೌಚಿನೊಳಗೆ ಇಡುವ ರಟ್ಟಿನ ಹಿಂಬದಿಯಲ್ಲೂ ಅದೇ ಸಂಕೇತ ಇರಲಿ.

ಹೀಗೆ ಜಾಡು ಹಿಡಿದಾಗ ಮೊಬೈಲ್ ಬಿಡಿಸರಕಿನ ವ್ಯಾಪಾರದಲ್ಲಿ ಎರಡು ಕಾರಣ ಮತ್ತೆ ಮತ್ತೆ ಸಿಗುತ್ತವೆ. ಮೊದಲನೆಯದು ಸ್ಕೀಮು. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟಲು ‘ಹತ್ತು ತಗೊಂಡ್ರೆ ಎರಡು ಫ್ರೀ’ ಎಂದು ಕೊಟ್ಟಿರುತ್ತೀರಿ. 170ರ ಪೌಚು ಆಗ 142ಕ್ಕೆ ಬಿತ್ತು. ದೊಡ್ಡ ಪಾರ್ಟಿ ತನ್ನ ಅಂಗಡಿಗಳಿಗೆ ಬೇಕಾದದ್ದಕ್ಕಿಂತ ಎರಡು ಪಟ್ಟು ಎತ್ತುತ್ತದೆ, ಹೆಚ್ಚಾದದ್ದನ್ನು 145ಕ್ಕೋ 150ಕ್ಕೋ ಆನ್‌ಲೈನ್ ಸೆಲ್ಲರಿಗೆ ದಾಟಿಸುತ್ತದೆ. ಫ್ರೀ ಪೌಚು ಅಂಗಡಿಯ ಗಿರಾಕಿಗೂ ತಲುಪಲಿಲ್ಲ, ಅಂಗಡಿಯವನಿಗೂ ತಲುಪಲಿಲ್ಲ.

ಎರಡನೆಯದು ಡೆಡ್ ಸ್ಟಾಕ್. ಕೇಬಲ್ಲಿಗೆ ಇಲ್ಲದ ಕಷ್ಟ ಪೌಚಿಗೆ ಇದೆ: ಅದು ಒಂದೇ ಮಾಡೆಲ್‌ನ ಫೋನಿಗೆ ಹೊಂದುತ್ತದೆ. ಕ್ಯಾಮೆರಾದ ಜಾಗ ಎರಡು ಮಿಲಿಮೀಟರ್ ಆಚೀಚೆ ಆದರೂ ಹಳೆಯ ಪೌಚು ಹೊಸ ಫೋನಿಗೆ ಕೂರುವುದಿಲ್ಲ. ಕಂಪನಿ ಹೊಸ ಮಾಡೆಲ್ ಬಿಟ್ಟು ಹಳೆಯದನ್ನು ನಿಲ್ಲಿಸಿದ ಮೇಲೆ ಆ ಪೌಚಿಗೆ ಗಿರಾಕಿ ತಿಂಗಳಿಂದ ತಿಂಗಳಿಗೆ ಕರಗುತ್ತಾನೆ. ಡಿಸ್ಟ್ರಿಬ್ಯೂಟರ್ ಬಳಿ ಮುನ್ನೂರು ಪೌಚು ಉಳಿದಿದ್ದರೆ, ನೀವು ವಾಪಸ್ ತೆಗೆದುಕೊಳ್ಳದಿದ್ದರೆ, ಅವರು ಲಾಟಾಗಿ 100 ರೂಪಾಯಿಯಂತೆ ಯಾರಿಗೋ ಕೊಡುತ್ತಾರೆ. ಆ ಕೊಂಡವನು 269ಕ್ಕೆ ಹಾಕಿ ಮಾರಿದರೆ ಜಿಎಸ್‌ಟಿ ಕಳೆದು 228, ಮಾರ್ಕೆಟ್‌ಪ್ಲೇಸ್ ಖರ್ಚು ಸುಮಾರು 105, ಅವನಿಗೆ 23 ಉಳಿಯಿತು. ಅವನು ಮೋಸಗಾರನಲ್ಲ, ಬಿಲ್ಲಿಗೆ ಮಾಲು ಕೊಂಡು ಮಾರುತ್ತಿದ್ದಾನೆ.

ಈ ಕೊನೆಯ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಬ್ರ್ಯಾಂಡಿನ ಹೆಸರನ್ನು ಒಂಬತ್ತನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿ, ಅಮೆಜಾನ್‌ನ ಬ್ರ್ಯಾಂಡ್ ರಿಜಿಸ್ಟ್ರಿಗೆ ಸೇರಿಸಿದರೆ ನಕಲಿ ಮಾಲು ಹಾಕುವವರನ್ನು ತೆಗೆಸಬಹುದು. ವೈಯಕ್ತಿಕ ಅರ್ಜಿದಾರರಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗಕ್ಕೆ ಆನ್‌ಲೈನ್ ಅರ್ಜಿಯ ಶುಲ್ಕ 4,500 ರೂಪಾಯಿ, ಅದನ್ನು ಮಾಡಿಸಿಡುವುದು ಒಳ್ಳೆಯದು. ಆದರೆ ಸರಿಯಾಗಿ ಕೊಂಡ ಅಸಲಿ ಮಾಲನ್ನು ಮತ್ತೊಬ್ಬರು ಮಾರುವುದನ್ನು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಕಲಂ ಸಾಮಾನ್ಯವಾಗಿ ಒಪ್ಪುತ್ತದೆ. ಮಾಲಿನ ಸ್ಥಿತಿ ಬದಲಾಗಿದ್ದರೆ, ಕೆಟ್ಟಿದ್ದರೆ ಬ್ರ್ಯಾಂಡಿನ ಒಡೆಯ ತಕರಾರು ತೆಗೆಯಬಹುದು. ಡೆಡ್ ಸ್ಟಾಕ್ ಮಾರುವವನ ಮೇಲೆ ‘ನಕಲಿ’ ಎಂದು ದೂರು ಕೊಟ್ಟರೆ ಅವನು ಖರೀದಿ ಬಿಲ್ಲು ತೋರಿಸುತ್ತಾನೆ, ನಿಮ್ಮ ದೂರು ಬಿದ್ದುಹೋಗುತ್ತದೆ, ಮುಂದೆ ನಿಜವಾದ ನಕಲಿ ಬಂದಾಗ ನಿಮ್ಮ ಮಾತಿಗೆ ತೂಕ ಇರುವುದಿಲ್ಲ. ದೂರು ಕೊಡುವ ಮೊದಲು ಒಳಗಿನ ರಟ್ಟು ತೆಗೆದು ಸಂಕೇತ ನೋಡಿ.

ಅಸಲಿ ಸೋರಿಕೆಗೆ ಮದ್ದು ಮೂಲದಲ್ಲೇ ಇದೆ. ಫ್ರೀ ಪೌಚಿನ ಸ್ಕೀಮನ್ನು ನಿಲ್ಲಿಸಿ, ಅದೇ ಹಣವನ್ನು ಅಂಗಡಿಗಳಿಗೆ ಮಾರಿದ ಲೆಕ್ಕ ತೋರಿಸಿದ ಮೇಲೆ ಕ್ರೆಡಿಟ್ ನೋಟಾಗಿ ಕೊಡಿ. ಎತ್ತಿದ್ದಕ್ಕಲ್ಲ, ಅಂಗಡಿ ಸೇರಿದ್ದಕ್ಕೆ ಸ್ಕೀಮು. ಡೆಡ್ ಸ್ಟಾಕಿಗೆ ಬದಲಿ ವ್ಯವಸ್ಥೆ ಬೇಕು: ಮೂರು ತಿಂಗಳಿಗೊಮ್ಮೆ, ಆ ಅವಧಿಯ ಖರೀದಿಯ ಶೇ 8ರವರೆಗಿನ ಹಳೆಯ ಮಾಡೆಲ್ ಪೌಚನ್ನು ಹೊಸ ಮಾಡೆಲ್ ಪೌಚಿಗೆ ಬದಲಾಯಿಸಿಕೊಡುವುದು. ಸಾವಿರ ಪೌಚು ಕೊಂಡವರಿಗೆ ಎಂಬತ್ತು. ನಿಮಗೆ ತಗಲುವುದು ಎಂಬತ್ತರ ತಯಾರಿಕೆ ಖರ್ಚು, 6,800 ರೂಪಾಯಿ. ಆ ಎಂಬತ್ತು ಪೌಚು ಆನ್‌ಲೈನಿನಲ್ಲಿ ಬಿದ್ದು, ನೀವು ಅದಕ್ಕೆ ಹೊಂದಿಸಲು ನೂರು ರೂಪಾಯಿ ಇಳಿಸಿದರೆ, ತೆರಿಗೆ ಕಳೆದು ಒಂದಕ್ಕೆ ಸುಮಾರು 85 ರೂಪಾಯಿಯಂತೆ ಎಂಬತ್ತು ಪೌಚು ಮಾರುವಷ್ಟರಲ್ಲೇ ಅಷ್ಟು ಹಣ ಹೋಗಿರುತ್ತದೆ. ಆಮೇಲೂ ದರ ಕೆಳಗೇ ಇರುತ್ತದೆ.

ಯಾವ ಬಾಗಿಲಿಗೆ ಯಾವ ಮಾಲು

ಸೋರಿಕೆ ನಿಂತರೂ ಒಂದೇ ಪೌಚು ಎಲ್ಲ ಕಡೆ ಇರುವವರೆಗೆ ಹೋಲಿಕೆ ತಪ್ಪದು. ಎಂಆರ್‌ಪಿಯನ್ನೇ ಬೇರೆ ಮಾಡೋಣವೆಂದರೆ ಆಗದು. ಒಂದೇ ಬಗೆಯ ಪ್ಯಾಕಿಗೆ ಎರಡು ಎಂಆರ್‌ಪಿ ಹಾಕುವುದಕ್ಕೆ 2018ರ ಜನವರಿ 1ರಿಂದ ನಿರ್ಬಂಧವಿದೆ. ಆದರೆ ಪ್ಯಾಕೇ ಬೇರೆಯಾದರೆ, ಒಳಗಿನ ಮಾಲು ನಿಜಕ್ಕೂ ಬೇರೆಯಾದರೆ ಅಡ್ಡಿಯಿಲ್ಲ.

ಹಬ್ಬದ ಸೇಲನ್ನು ತೆಗೆದುಕೊಳ್ಳಿ. ದಸರಾ ಹೊತ್ತಿನ ದೊಡ್ಡ ಸೇಲಿನಲ್ಲಿ ಮಾರ್ಕೆಟ್‌ಪ್ಲೇಸಿನವರು ಫೋನ್ ಮಾಡಿ ದರ ಇಳಿಸಿದರೆ ಮುಂದೆ ತೋರಿಸುತ್ತೇವೆ ಎನ್ನುತ್ತಾರೆ. ಅದೇ ಬಿಡಿ ಪೌಚನ್ನು 249ಕ್ಕೆ ಹಾಕಿದರೆ ತೆರಿಗೆ ಕಳೆದು 211, ಕಮಿಷನ್ 32ಕ್ಕೆ ಇಳಿಯುತ್ತದೆ, ಉಳಿದ ಖರ್ಚು ಇದ್ದಷ್ಟೇ. ಕೊನೆಗೆ ಪ್ರತಿ ಪೌಚಿಗೆ 13 ರೂಪಾಯಿ ನಷ್ಟ, ಅಂಗಡಿಯವರ ಸಿಟ್ಟು ಬೇರೆ. ಬದಲಿಗೆ ಒಂದು ಪಾರದರ್ಶಕ, ಒಂದು ಬಣ್ಣದ್ದು ಸೇರಿಸಿದ ಜೋಡಿ ಪ್ಯಾಕನ್ನು 449ಕ್ಕೆ ಹಾಕಿ. ತೆರಿಗೆ ಕಳೆದು 380. ಎರಡು ಪೌಚಿಗೆ 170, ಕಮಿಷನ್ 58, ಶುಲ್ಕ ಮತ್ತು ಸಾಗಣೆ ಮೊದಲಿನಂತೆ 70, ಜಾಹೀರಾತು 25, ವಾಪಸಿಗೆ 18. ಉಳಿಯುವುದು 39. ಎರಡು ಪೌಚು ಸೇರಿದರೂ ತೂಕ ಕೊರಿಯರ್‌ನ ಅರ್ಧ ಕಿಲೋ ಮಿತಿಯೊಳಗೇ ಇರುವುದರಿಂದ ಸಾಗಣೆ ಏರುವುದಿಲ್ಲ; ಅದೇ ಇಲ್ಲಿನ ಲಾಭದ ಗುಟ್ಟು. ಅಂಗಡಿಯಲ್ಲಿ ಜೋಡಿ ಪ್ಯಾಕ್ ಇಲ್ಲ, ಆದ್ದರಿಂದ ಗಿರಾಕಿ ಫೋನ್ ತೋರಿಸಿದರೂ ಅಂಗಡಿಯವರಿಗೆ ಹೇಳಲು ಮಾತಿದೆ. ಜೋಡಿಗೆ ಬೇರೆ ಬಾರ್‌ಕೋಡ್, ಬೇರೆ ಎಂಆರ್‌ಪಿ, ಒಳಗೆ ಎಷ್ಟಿವೆ ಎಂಬ ಸಂಖ್ಯೆ ಇರಲೇಬೇಕು. ರಬ್ಬರ್ ಬ್ಯಾಂಡ್ ಹಾಕಿ ಎರಡು ಬಿಡಿ ಪ್ಯಾಕ್ ಕಳಿಸಿದರೆ ನಾಳೆ ಯಾರೋ ಬಿಡಿಸಿ ಮಾರುತ್ತಾರೆ.

ಸ್ವಂತ ಸೈಟಿನ ಲೆಕ್ಕವೂ ಹೀಗೇ ತಿರುಗುತ್ತದೆ. ಅಲ್ಲಿ ದೊಡ್ಡ ಖರ್ಚು ಎಂದರೆ ಗಿರಾಕಿಯನ್ನು ಕರೆತರುವ 90 ಮತ್ತು ಸಾಗಣೆಯ 55. ಎರಡೂ ಒಂದು ಆರ್ಡರಿಗೆ ಒಂದೇ ಸಲ ಬೀಳುವಂಥವು. ಪೌಚಿನ ಜೊತೆ ಟೆಂಪರ್ಡ್ ಗ್ಲಾಸು, ಒಂದು ಕೇಬಲ್ಲು ಸೇರಿಸಿ 649ಕ್ಕೆ ಕೊಟ್ಟರೆ ತೆರಿಗೆ ಕಳೆದು 550. ಮೂರರ ತಯಾರಿಕೆ ಖರ್ಚು 200 ಎಂದುಕೊಳ್ಳಿ, ಗೇಟ್‌ವೇ 13, ಉಳಿದವು ಹಳೆಯವೇ. ಕೈಯಲ್ಲಿ 159 ಉಳಿಯುತ್ತದೆ. ಬಿಡಿ ಪೌಚಿನಲ್ಲಿ 26 ಉಳಿಸುತ್ತಿದ್ದ ಅದೇ ಸೈಟು ಇದು. ಹೆಸರು ಅಚ್ಚು ಹಾಕಿಸುವ ಪೌಚು, ಕಾಲೇಜು ಗುಂಪಿಗೆ ಇಪ್ಪತ್ತು ಒಟ್ಟಿಗೆ ಮಾಡಿಸುವುದು ಇವೂ ಸೈಟಿಗೇ ಸೇರಿದವು, ಬೇರೆ ಎಲ್ಲೂ ಅವುಗಳ ದರ ಹೋಲಿಸಲು ಬರುವುದಿಲ್ಲ.

ಸೈಟಿನಲ್ಲಿ ಬಿಡಿ ಪೌಚನ್ನು ಮಾರ್ಕೆಟ್‌ಪ್ಲೇಸಿಗಿಂತ ಕಡಿಮೆಗೆ ಕೊಡುವ ಆಸೆ ಬಿಡಿ. ಹೊರಗೆ ಅದೇ ಮಾಲು ಅಗ್ಗವಾಗಿ ಕಂಡರೆ ಅಮೆಜಾನ್‌ನಲ್ಲಿ ನಿಮ್ಮ ಮಾಲಿಗೆ ಮುಖ್ಯ ಕೊಳ್ಳುವ ಗುಂಡಿಯ ಜಾಗ ತಪ್ಪಬಹುದು, ಮಾರಾಟ ಒಂದೇ ದಿನದಲ್ಲಿ ಕುಸಿಯುತ್ತದೆ, ಕಾರಣ ತಿಳಿಯಲು ವಾರ ಬೇಕಾಗುತ್ತದೆ. ಮಾರ್ಕೆಟ್‌ಪ್ಲೇಸಿನ ಪಾರ್ಸೆಲ್ಲಿನೊಳಗೆ ‘ನಮ್ಮ ಸೈಟಿಗೆ ಬನ್ನಿ, ಕಡಿಮೆಗೆ ಸಿಗುತ್ತದೆ’ ಎಂಬ ಚೀಟಿ ಇಡುವುದೂ ಬೇಡ. ಗಿರಾಕಿಯನ್ನು ಹೊರಗೆ ಎಳೆಯುವುದು ಅವರ ನಿಯಮಕ್ಕೆ ವಿರುದ್ಧ, ಸೆಲ್ಲರ್ ಖಾತೆಯೇ ನಿಂತುಹೋಗುವ ಅಪಾಯವಿದೆ.

ಹೊಸ ಫೋನ್ ಬಂದಾಗ ಅದರ ಪೌಚನ್ನು ಮೊದಲ ಎರಡು ವಾರ ಸ್ವಂತ ಸೈಟಿನಲ್ಲಿ ಮಾತ್ರ ಮಾರಬೇಕೆಂದು ಹಲವರು ಸಲಹೆ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಫೋನ್ ಕೊಂಡವನು ಮಾಡೆಲ್ ಹೆಸರು, ಪಕ್ಕದಲ್ಲಿ ‘ಕವರ್’ ಎಂದು ಹುಡುಕುವುದು ಮಾರ್ಕೆಟ್‌ಪ್ಲೇಸಿನಲ್ಲಿ. ಆ ಎರಡು ವಾರದಲ್ಲಿ ಮೊದಲು ರಿವ್ಯೂ ಗಳಿಸಿದವರೇ ಆ ಮಾಡೆಲ್ ಬದುಕಿರುವವರೆಗೂ ಮೇಲಿರುತ್ತಾರೆ. ಮಾಡೆಲನ್ನು ತಡೆಹಿಡಿಯಬೇಡಿ, ಡಿಸೈನನ್ನು ತಡೆಹಿಡಿಯಿರಿ: ಸಾದಾ ಬಣ್ಣಗಳು ಎಲ್ಲೆಡೆ, ಚಿತ್ರವಿರುವವು ಸೈಟಿನಲ್ಲಿ ಮಾತ್ರ. ಅಂಗಡಿಗಳಿಗೆ ಬೇಗ ಓಡುವ ಹತ್ತು ಹದಿನೈದು ಮಾಡೆಲ್ ಸಾಕು. ಗ್ಲಾಸನ್ನು ಗುಳ್ಳೆ ಬರದಂತೆ ಅಂಟಿಸಿಕೊಡುವ ಕೆಲಸ ಅಂಗಡಿಯ ಕೈಯಲ್ಲಿದೆ. ಗ್ಲಾಸ್ ಮತ್ತು ಪೌಚಿನ ಜೋಡಿಯನ್ನು ಅವರಿಗೆಂದೇ ಮಾಡಿಕೊಡಿ.

ಅಂಗಡಿಯವರ ಜೊತೆಗಿನ ಕರಾರು

“ಯಾರೂ 299ಕ್ಕಿಂತ ಕಡಿಮೆಗೆ ಮಾರಬಾರದು ಅಂತ ಬರೆದುಕೊಡಿ ಸಾರ್” ಎಂದು ಡಿಸ್ಟ್ರಿಬ್ಯೂಟರುಗಳು ಕೇಳುತ್ತಾರೆ. ಅವರ ಕಷ್ಟ ಅರ್ಥವಾಗುವಂಥದ್ದೇ. ಹಾಗಿದ್ದರೂ ಬರೆದುಕೊಡಬೇಡಿ. ಮರುಮಾರಾಟದ ದರವನ್ನು ತಯಾರಕ ಕಟ್ಟಿಹಾಕುವುದು 2002ರ ಸ್ಪರ್ಧಾ ಕಾಯ್ದೆಯ 3(4) ಕಲಮಿನ ವ್ಯಾಪ್ತಿಗೆ ಬರುತ್ತದೆ. ಡೀಲರುಗಳು ಕೊಡುವ ರಿಯಾಯಿತಿಗೆ ಮಿತಿ ಹಾಕಿದ್ದಕ್ಕೆ ಸ್ಪರ್ಧಾ ಆಯೋಗ 2021ರಲ್ಲಿ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಸ್ಪರ್ಧೆಗೆ ಗಣನೀಯ ಧಕ್ಕೆಯಾಯಿತೇ ಎಂದು ತೂಗಿ ನೋಡುವ ಕಲಂ ಅದು, ಸಣ್ಣ ಘಟಕಕ್ಕೆ ಅಷ್ಟು ದೂರ ಹೋಗಲಿಕ್ಕಿಲ್ಲ. ಆದರೂ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಇದಕ್ಕಿಂತ ಕಡಿಮೆ ಮಾರಿದರೆ ಮಾಲು ಬಂದ್’ ಎಂದು ಬರೆಯುವುದೂ ದಾಖಲೆಯೇ ಎಂಬುದನ್ನು ಮರೆಯಬೇಡಿ.

ದರ ಬಿಟ್ಟು ಬೇರೆ ಮಾತುಗಳನ್ನು ಕರಾರಿನಲ್ಲಿ ಹಾಕಿ. ಮಾಲು ಅಂಗಡಿ ಮಾರಾಟಕ್ಕೆ, ಆನ್‌ಲೈನಿನಲ್ಲಿ ಇಡುವುದಾದರೆ ಮೊದಲೇ ಲಿಖಿತವಾಗಿ ತಿಳಿಸಬೇಕು. ಹಳೆಯ ಮಾಡೆಲ್ ಮಾಲನ್ನು ಹೊರಗಿನವರಿಗೆ ಲಾಟಾಗಿ ಕೊಡುವ ಮೊದಲು ನಮಗೆ ಹೇಳಬೇಕು, ನಾವು ಹದಿನೈದು ದಿನದಲ್ಲಿ ಬದಲಿ ಕೊಡುತ್ತೇವೆ ಅಥವಾ ಬಿಟ್ಟುಕೊಡುತ್ತೇವೆ. ಮಾರಾಟದ ಜಾಗಕ್ಕೆ ಮಿತಿ ಹಾಕುವ ಮಾತನ್ನೂ ಅದೇ ಕಲಂ ತೂಗಿ ನೋಡುವುದರಿಂದ ಕರಾರನ್ನು ಒಮ್ಮೆ ವಕೀಲರಿಗೆ ತೋರಿಸಿ. ನಿಮ್ಮ ಕಡೆಯ ಮಾತೂ ಅದರಲ್ಲಿರಲಿ: ಹಬ್ಬದ ಸೇಲಿನಲ್ಲಿ ಏನು ಹಾಕುತ್ತೇವೆಂದು ಹತ್ತು ದಿನ ಮೊದಲೇ ತಿಳಿಸುತ್ತೇವೆ, ಅಂಗಡಿಯಲ್ಲಿರುವ ಬಿಡಿ ಪ್ಯಾಕಿನ ದರವನ್ನು ನಮ್ಮ ಸೆಲ್ಲರ್ ಖಾತೆಯಿಂದ ಇಳಿಸುವುದಿಲ್ಲ. ಇದು ನಿಮ್ಮ ದರಕ್ಕೆ ನೀವೇ ಹಾಕಿಕೊಂಡ ಮಿತಿ. ಅದನ್ನು ಒಂದು ಸಲ ಮುರಿದರೂ ಅವರು ಮುಂದಿನ ಸಲ ನಂಬುವುದಿಲ್ಲ.

ಮಾರ್ಕೆಟ್‌ಪ್ಲೇಸ್ ತಾನೇ ಕೂಪನ್ ಕೊಟ್ಟು ದರ ಇಳಿಸಿದಂತೆ ಕಂಡರೆ ಅದು ಬ್ಯಾಂಕ್ ಆಫರೋ, ನಿಮ್ಮ ಖಾತೆಯಲ್ಲಿ ಯಾರೋ ಒಪ್ಪಿಗೆ ಕೊಟ್ಟ ಪ್ರಮೋಷನ್ನೋ ಎಂದು ಸೆಟಲ್‌ಮೆಂಟ್ ವರದಿಯಲ್ಲಿ ನೋಡಿ. ಖಾತೆ ನೋಡಿಕೊಳ್ಳುವ ಹುಡುಗ ಒಂದು ಟಿಕ್ ಒತ್ತಿ ಸೇಲಿಗೆ ಸೇರಿಸಿರುವುದು ಅಪರೂಪವಲ್ಲ.

ಸೋಮವಾರ ಬೆಳಿಗ್ಗೆ ಒಬ್ಬರು ಅರ್ಧ ಗಂಟೆ ಕೂತು ಹೆಚ್ಚು ಓಡುವ ಇಪ್ಪತ್ತು ಪೌಚುಗಳ ದರ, ಸೆಲ್ಲರ್ ಹೆಸರು ಬರೆದಿಡಲಿ. ಹೊಸ ಹೆಸರು ಕಂಡರೆ ಎರಡು ಪೌಚು ತರಿಸಿ, ಒಳಗಿನ ರಟ್ಟು ತೆಗೆದು ಸಂಕೇತ ಓದಿ. D ಇದ್ದರೆ ಯಾರ ಜೊತೆ ಮಾತಾಡಬೇಕೆಂದು ಗೊತ್ತಾಯಿತು. ಆದರೆ ಕೆಲವೊಮ್ಮೆ ಅಲ್ಲಿ M ಇರುತ್ತದೆ. ಮಾರ್ಕೆಟ್‌ಪ್ಲೇಸಿನಿಂದ ವಾಪಸ್ ಬಂದ, ಪ್ಯಾಕ್ ಹರಿದ ಪೌಚುಗಳನ್ನು ಗೋದಾಮಿನವರು ಮೂಟೆ ಕಟ್ಟಿ ಗುಜರಿಯವರಿಗೆ ಕೊಟ್ಟಿರುತ್ತಾರೆ, ಅವೇ ಹೊಸ ಕವರಿನಲ್ಲಿ ಮತ್ತೆ ಅಲ್ಲಿಗೇ ಹತ್ತಿರುತ್ತವೆ. ಅಂಥ ವಾಪಸ್ ಮಾಲನ್ನು ಹೊರಗೆ ಕಳಿಸುವ ಮೊದಲು ಕತ್ತರಿಯಿಂದ ಪೌಚಿನ ಒಂದು ಮೂಲೆ ಕತ್ತರಿಸಿ, ರಟ್ಟನ್ನೂ ಪೆಟ್ಟಿಗೆಯನ್ನೂ ಹರಿದು ಬೇರೆ ಚೀಲಕ್ಕೆ ಹಾಕಿಸಿ.